ಮೂರು ಗಂಟೆಯ ತನಕ ಒಂದು ಕೋಣೆ

ಸಿಂದಗಿಯ ಬಸ್ ಸ್ಟ್ಯಾಂಡಿನ ಎದುರಿಗೆ, ತೊಗರಿ-ಜೋಳದ ಅಡತಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಶ್ರೀಶೈಲಪ್ಪ ಸಾವ್ಕಾರರ ಲಾಜು ಇತ್ತು. ಏಳು ಕೋಣೆ, ಏಳು ಕಬ್ಬಿಣದ ಮಂಚ, ಹದಿನಾಲ್ಕು ಮೆಟ್ಟಿಲು. ದಿನಕ್ಕೆ ಒಂದೂವರೆ ರೂಪಾಯಿ ಬಾಡಿಗೆ. ನಯಾ ಪೈಸೆ ಬಂದು ಐದು ವರ್ಷವಾಗಿದ್ದರೂ ಊರಿನ ಬಾಯಲ್ಲಿ ಇನ್ನೂ ಆಣೆಯೇ ಓಡಾಡುತ್ತಿತ್ತು. ಮೆಟ್ಟಿಲ ಬುಡದಲ್ಲಿ ಒಂದು ಮೇಜು, ಮೇಜಿನ ಹಿಂದೆ ಮೋದಿನಸಾಬ. ಅವನೇ ಮ್ಯಾನೇಜರ್, ಅವನೇ ಗುಮಾಸ್ತ, ಜಗಳ ಬಂದರೆ ಬೈಸಿಕೊಳ್ಳುವವನೂ ಅವನೇ.

ಮೋದಿನಸಾಬ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಅವನ ಅಕ್ಷರ ಮುತ್ತು ಪೋಣಿಸಿದಂತೆ ಎಂದು ಮಾಮಲೇದಾರ ಕಚೇರಿಯ ಕಾರಕೂನರೇ ಹೇಳುತ್ತಿದ್ದರು. ಸುತ್ತಲಿನ ಹಳ್ಳಿಯ ರೈತರು ಅರ್ಜಿ ಬರೆಸಲು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅರ್ಜಿ ಬರೆದು ಬರೆದು ಅವನಿಗೆ ಒಂದು ಚಟ ಹತ್ತಿತ್ತು: ಕಾಗದದ ಮೇಲೆ ಪೆನ್ನು ಇಟ್ಟ ಕೂಡಲೇ ಬಾಯಿಯ ಕನ್ನಡ ಮರೆತು ಕಚೇರಿಯ ಕನ್ನಡ ಇಳಿದು ಬರುತ್ತಿತ್ತು. ಅದು ಚಟ ಎಂದು ಅವನಿಗೆ ಗೊತ್ತಿರಲಿಲ್ಲ, ವಿದ್ಯೆ ಎಂದುಕೊಂಡಿದ್ದ.

ಲಾಜಿನ ಕೆಲಸದಲ್ಲಿ ಎಲ್ಲಕ್ಕಿಂತ ನಾಜೂಕಾದದ್ದು ಕೋಣೆ ಬಿಡಿಸುವ ಹೊತ್ತು. ಮಧ್ಯಾಹ್ನ ಹನ್ನೆರಡಕ್ಕೆ ಕೋಣೆ ಖಾಲಿಯಾಗಬೇಕು. ಬಂದವರೆಲ್ಲ ಹನ್ನೆರಡಕ್ಕೇ ಎದ್ದು ಹೋಗುವಂತಿದ್ದರೆ ಮ್ಯಾನೇಜರನೇ ಬೇಕಾಗಿರಲಿಲ್ಲ, ಒಂದು ಗಡಿಯಾರ ಸಾಕಾಗುತ್ತಿತ್ತು. ಒಬ್ಬನ ಬಸ್ಸು ಎರಡಕ್ಕೆ, ಒಬ್ಬನ ಕೋರ್ಟು ಮುಗಿಯುವುದು ನಾಲ್ಕಕ್ಕೆ, ಇನ್ನೊಬ್ಬನಿಗೆ ಉಂಡ ಮೇಲೆ ನಿದ್ದೆ. ಯಾರಾದರೂ ಇನ್ನಷ್ಟು ಹೊತ್ತು ಇರುತ್ತೇನೆ ಎಂದರೆ ಮೋದಿನಸಾಬ ಮೊದಲು ರಜಿಸ್ಟರು ತೆಗೆದು ಆ ಕೋಣೆಗೆ ಯಾರಾದರೂ ಬರುವವರಿದ್ದಾರೆಯೇ ನೋಡುತ್ತಿದ್ದ. ಬರುವವರಿದ್ದರೆ ಕೋಣೆ ಇಲ್ಲ, ಆದರೆ ಸಾಮಾನು ಆಫೀಸಿನಲ್ಲಿ ಇಡಬಹುದು, ಅಲ್ಲಿಯ ಉದ್ದನೆಯ ಮರದ ಬಾಕಿನ ಮೇಲೆ ಕೂಡಬಹುದು. ಬರುವವರಿಲ್ಲದಿದ್ದರೆ ಒಂದು ತಾಸು ಪುಕ್ಕಟೆ, ಅದಕ್ಕೆ ದುಡ್ಡು ಕೇಳುವಂತಿಲ್ಲ. ತಾಸು ದಾಟಿದರೆ ಸಂಜೆ ಆರರ ತನಕ ಅರ್ಧ ಬಾಡಿಗೆ, ಹನ್ನೆರಡಾಣೆ. ಆರು ದಾಟಿದರೆ ಪೂರಾ ದಿನದ್ದು.

ಇದನ್ನು ಹೇಳುವುದರಲ್ಲಿ ಒಂದು ಕ್ರಮವಿದೆ. ಹೊತ್ತು ಮೀರಿದ ಮೇಲೆ ದುಡ್ಡು ಕೇಳಿದರೆ ಜಗಳ, ಅದಕ್ಕೆ ಹನ್ನೊಂದರೊಳಗೇ ಹೇಳಬೇಕು. ಹೇಳುವಾಗಲೂ ಮೊದಲು ‘ಇರ್ರಿ’ ಎನ್ನಬೇಕು, ಆಮೇಲೆ ಎಷ್ಟು ಹೊತ್ತು, ಆಮೇಲೆ ಎಷ್ಟು ದುಡ್ಡು. ಕೊನೆಗೆ, ಬೇಡವಾದರೆ ಸಾಮಾನು ಇಟ್ಟು ಕೂತುಕೊಳ್ಳಿ ಎಂಬ ಮಾತು. ಇದನ್ನು ಯಾರೂ ಕಲಿಸಿದ್ದಲ್ಲ, ಒಂಬತ್ತು ವರ್ಷ ಮೇಜಿನ ಹಿಂದೆ ಕೂತು ಬೈಸಿಕೊಂಡು ಮೋದಿನಸಾಬನೇ ಕಲಿತದ್ದು. ‘ಇರ್ರಿ, ಆರರ ತನಕಾ ಇರ್ರಿ, ಹನ್ನೆರಡಾಣಿ ಕೊಡ್ರಿ’ ಎಂದರೆ ಹತ್ತರಲ್ಲಿ ಎಂಟು ಮಂದಿ ನಕ್ಕು ಕೊಡುತ್ತಿದ್ದರು.

ಹೀಗೆ ಬಾಯಲ್ಲೇ ನಡೆದಿದ್ದ ಕೆಲಸ ಕಾಗದಕ್ಕೆ ಬಂದದ್ದು ಒಬ್ಬ ತೊಗರಿ ವ್ಯಾಪಾರಿಯ ಪುಣ್ಯದಿಂದ. ಅವನು ಐದರ ತನಕ ಗೊರಕೆ ಹೊಡೆದು, ‘ದುಡ್ಡಿನ ಮಾತು ನನಗ ಯಾರೂ ಹೇಳಿಲ್ಲ’ ಎಂದು ಇಡೀ ಬಸ್ ಸ್ಟ್ಯಾಂಡು ಕೇಳುವಂತೆ ಕೂಗಾಡಿ ಹೋದ. ಶ್ರೀಶೈಲಪ್ಪ ಸಾವ್ಕಾರರು ಮರುದಿನವೇ ಅಪ್ಪಣೆ ಮಾಡಿದರು.

“ಇನ್ನ ಮುಂದ ಎಲ್ಲಾ ಚೀಟಿಯಾಗ, ಮೋದಿನಸಾಬ. ಅವರೂ ಬರದ ಕೇಳ್ಲಿ, ನೀನೂ ಬರದ ಹೇಳು. ಮರ್ಯಾದಿಲೆ ಬರಿ. ಒಮ್ಮಿ ಹೇಳಿದ ಮ್ಯಾಲ ಬೆನ್ನ ಹತ್ತಬ್ಯಾಡ. ಒಲ್ಲೆ ಅಂದ್ರ ಬಿಟ್ಟಬಿಡು. ದುಡ್ಡಿಗಿ ಬೆನ್ನ ಹತ್ಯಾರ ಅನ್ನಸ್ಕೋಬಾರದು.”

“ಆತ್ರಿ ಸಾವ್ಕಾರ,” ಎಂದ ಮೋದಿನಸಾಬ. ಒಳಗೊಳಗೇ ಅವನಿಗೆ ಸಂತೋಷವಾಗಿತ್ತು.

ಚೀಟಿ ಶುರುವಾದ ಮೇಲಿನ ಒಂದು ಶುಕ್ರವಾರಕ್ಕೆ ಬರೋಣ. ವೈಶಾಖದ ಬಿಸಿಲು, ಬೆಳಗಿನ ಒಂಬತ್ತಕ್ಕೇ ರಸ್ತೆ ಸುಡುತ್ತಿತ್ತು. ನಾಲ್ಕನೆಯ ಕೋಣೆಯಲ್ಲಿ ಹಿಂದಿನ ಸಂಜೆ ಬಂದಿಳಿದ ಮುದುಕರಿಬ್ಬರು ಇದ್ದರು. ಪಾಂಡುರಂಗರಾಯರು ಎಂಬ ನಿವೃತ್ತ ಸಾಲಿ ಮಾಸ್ತರರು, ಅವರ ಹೆಂಡತಿ ತುಳಸೀಬಾಯಿ. ಮಾಸ್ತರರಿಗೆ ಎದೆಯ ಬೇನೆ. ಅವರ ಊರಿನ ಡಾಕ್ಟರರು ಸೂಜಿ ಚುಚ್ಚಿ, ವಿಜಾಪುರದ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದಿದ್ದರು. ಬೆಳಗಿನ ಬಸ್ಸು ಗುಲ್ಬರ್ಗಾದಿಂದಲೇ ತುಂಬಿ ಬರುತ್ತದೆ, ನಿಲ್ಲಲೂ ಜಾಗವಿಲ್ಲ. ಮೂರರ ಬಸ್ಸು ಸಿಂದಗಿಯಿಂದಲೇ ಹೊರಡುವುದು. ಅದರಲ್ಲಾದರೆ ಮಲಗಿಸಿಕೊಂಡು ಹೋಗಬಹುದು. ಇದನ್ನೆಲ್ಲ ತುಳಸೀಬಾಯಿ ಹಿಂದಿನ ಸಂಜೆಯೇ ಮೋದಿನಸಾಬನಿಗೆ ಹೇಳಿದ್ದರು.

“ಡಾಕ್ಟರ್ ಭಾಳ ಹೇಳ್ಯಾರ್ರೀ ಸಾಹೇಬರ. ಬಿಸಲಿಗೆ ತೋರಸಬ್ಯಾಡ್ರಿ, ನಡಸಬ್ಯಾಡ್ರಿ, ಬಸ್ಸಿನ ತನಕಾ ಅಡ್ಡ ಮಲಗಸ್ರಿ ಅಂದಾರ. ಅಷ್ಟ ಆದ್ರ ಮುಟ್ಟತಾರಂತ.”

“ಚಿಂತಿ ಬ್ಯಾಡ್ರಿ ಬಾಯಾರ,” ಎಂದಿದ್ದ ಮೋದಿನಸಾಬ. ಮಾಸ್ತರರನ್ನು ಮೆಟ್ಟಿಲು ಹತ್ತಿಸುವಾಗ ತಾನೇ ಒಂದು ತೋಳು ಹಿಡಿದಿದ್ದ. ಆ ತೋಳಿನಲ್ಲಿ ಏನೂ ಇರಲಿಲ್ಲ, ಬರೀ ಅಂಗಿಯನ್ನು ಹಿಡಿದಂತಾಗಿತ್ತು. ಮನುಷ್ಯ ಕೆಟ್ಟವನಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಅವನನ್ನು ಬೈಯುವವರು ಇದನ್ನೂ ನೆನಪಿಟ್ಟುಕೊಳ್ಳಲಿ.

ಹತ್ತೂಕಾಲಿಗೆ ಕಸಗುಡಿಸುವ ಶೆಟ್ಟೆವ್ವ ಮೇಲಿನಿಂದ ಒಂದು ಚೀಟಿ ತಂದಳು. ಮೋದಿನಸಾಬ ಬಿಡಿಸಿ ನೋಡಿದ. ಅಕ್ಷರ ನಡುಗಿದ್ದವು, ಆದರೂ ಒಂದೂ ಸಾಲು ಬಿಟ್ಟು ಇಳಿದಿರಲಿಲ್ಲ. ‘ಮ್ಯಾನೇಜರ ಸಾಹೇಬರಿಗೆ ನಮಸ್ಕಾರಪೂರ್ವಕ ವಿನಂತಿ. ನಮ್ಮ ಬಸ್ಸು ಮೂರು ಗಂಟೆಗೆ ಇರುತ್ತದೆ. ನನಗೆ ಕೂಡಲು ತ್ರಾಣವಿಲ್ಲ. ಅಲ್ಲಿಯ ತನಕ ಕೋಣೆಯಲ್ಲಿ ಮಲಗಲು ಅನುಮತಿ ದೊರೆಯಬಹುದೇ? ಹೆಚ್ಚಿಗೆ ಕೊಡುವುದು ಏನಿದ್ದರೂ ತಿಳಿಸಬೇಕು.’

ಮೋದಿನಸಾಬ ಚೀಟಿಯನ್ನು ಎರಡು ಸಲ ಓದಿದ. ಎಷ್ಟು ಚೊಕ್ಕ ಬರವಣಿಗೆ! ತೊಗರಿ ವ್ಯಾಪಾರಿಗಳ ‘ರೂಮ್ ಇರಲಿ’ ಎಂಬ ಕಾಗೆಕಾಲು ಬರಹ ನೋಡಿ ಬೇಸತ್ತ ಅವನಿಗೆ ಕಣ್ಣು ತಂಪಾಯಿತು. ರಜಿಸ್ಟರು ತೆಗೆದ. ನಾಲ್ಕನೆಯ ಕೋಣೆಗೆ ಬರುವವನು ಬಾಗೇವಾಡಿಯ ಬಟ್ಟೆಯಂಗಡಿಯವನು, ಅವನು ರಾತ್ರಿ ಎಂಟಕ್ಕೆ. ಕೋಣೆಗೆ ಏನೂ ಅಡ್ಡಿಯಿಲ್ಲ. ಒಂದು ತಾಸು ಪುಕ್ಕಟೆ ಹೋದರೂ ಉಳಿದದ್ದು ಎರಡು ತಾಸು, ನಿಯಮದಂತೆ ಅರ್ಧ ಬಾಡಿಗೆ ಹೇಳಲೇಬೇಕು. ಕೊಡುತ್ತೇವೆ ಎಂದು ಅವರೇ ಬರೆದಿದ್ದಾರೆ. ಇದಕ್ಕಿಂತ ಸುಲಭದ ಚೀಟಿ ಆ ಮೇಜಿಗೆ ಬಂದೇ ಇರಲಿಲ್ಲ.

ಶೆಟ್ಟೆವ್ವ ಬಾಗಿಲಿಗೆ ಒರಗಿ ನಿಂತಿದ್ದಳು.

“ಏನಂತ ಹೇಳ್ಲಿರಿ ಸಾಬರ? ಇರ್ರಿ, ಹನ್ನೆರಡಾಣಿ ಕೊಡ್ರಿ ಅಂತ ಬಾಯಿಲೆ ಹೇಳಿ ಬರ್ತೇನಿ.”

“ಏ, ಬ್ಯಾಡ. ಮಾಸ್ತರ್ ಅದಾರ ಅವರು. ಜಡ್ಡಿನ ಮನಶ್ಯಾನ ಮಾರಿ ನೋಡಿ ದುಡ್ಡಿನ ಮಾತ ಆಡಬಾರದು. ಬರದ ಕೊಡ್ತೇನಿ, ನಿಂದರು.”

ಆ ಮಾತು ಮನಸಾರೆ ಆಡಿದ್ದೇ. ಎದುರಿಗೆ ನಿಂತು ದುಡ್ಡು ಕೇಳುವುದಕ್ಕಿಂತ ಕಾಗದ ಹೆಚ್ಚು ಮರ್ಯಾದೆಯದು ಎಂದು ಅವನು ನಂಬಿದ್ದ. ಆದರೆ ಅದರ ಹಿಂದೆ ಇನ್ನೊಂದು ಆಸೆಯೂ ಇತ್ತು. ಓದುವವರು ಮಾಸ್ತರರು. ಮೂವತ್ತು ವರ್ಷ ಮಕ್ಕಳ ವಾಕ್ಯ ತಿದ್ದಿದವರು. ಅವರ ಮುಂದೆ ‘ಇರ್ರಿ, ಹನ್ನೆರಡಾಣಿ ಕೊಡ್ರಿ’ ಎಂದು ಬರೆಯಲು ಅವನ ಕೈ ಏಳಲಿಲ್ಲ. ಮೊದಲು ‘ಇರ್ರಿ’ ಎನ್ನುವ ಕ್ರಮವನ್ನು ಬದಿಗಿಟ್ಟ. ಅರ್ಜಿಗೆ ಬಳಸುವ ದಪ್ಪ ಕಾಗದ ತೆಗೆದ, ಮಸಿಯಲ್ಲಿ ಅದ್ದಿ ಬರೆಯುವ ಟಾಕಿನ ಮೊನೆ ಒರೆಸಿದ, ಅರ್ಧ ತಾಸು ಕೂತು ಬರೆದ.

‘ಮಾನ್ಯ ಮಹಾಶಯರ ಸನ್ನಿಧಿಗೆ. ಲಾಜಿನ ನಿಯಮಾನುಸಾರ ಪ್ರತಿಯೊಬ್ಬ ಪ್ರವಾಸಿಯೂ ಮಧ್ಯಾಹ್ನ ಹನ್ನೆರಡು ಗಂಟೆಯೊಳಗಾಗಿ ತನ್ನ ಕೋಣೆಯನ್ನು ತೆರವು ಮಾಡತಕ್ಕದ್ದು. ಸದರಿ ನಿಯಮವನ್ನು ಮೀರುವ ಅಧಿಕಾರವು ಮ್ಯಾನೇಜರರಿಗೆ ಇರುವುದಿಲ್ಲ. ಆದಾಗ್ಯೂ ತಮ್ಮ ವಿನಂತಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿ, ಸದರಿ ಕೋಣೆಗೆ ಸಾಯಂಕಾಲದ ತನಕ ಬೇರೆ ಪ್ರವಾಸಿಗಳು ಬರತಕ್ಕವರಿಲ್ಲವಾದ ಕಾರಣ, ಅರ್ಧ ಬಾಡಿಗೆ ಎಪ್ಪತ್ತೈದು ನಯಾ ಪೈಸೆಗಳ ಮೇಲೆ ಆರು ಗಂಟೆಯ ತನಕ ತಾವು ಇರಲು ಸಂತೋಷದಿಂದ ಅನುಮತಿಸಲಾಗಿದೆ.’

ಕೆಳಗೆ ಸಹಿ. ಮತ್ತೆ ಓದಿದ. ಒಂದೂ ತಪ್ಪಿಲ್ಲ. ಸಾಮಾನು ಇಡುವ ಮಾತು, ಬಾಕಿನ ಮಾತು ಬಿಟ್ಟುಹೋಗಿದ್ದವು. ಇಷ್ಟು ಚಂದದ ಪತ್ರದ ಕೊನೆಗೆ ಬಾಕನ್ನು ತಂದು ಎಲ್ಲಿ ಇಡುವುದು? ಶೆಟ್ಟೆವ್ವನ ಕೈಗೆ ಕೊಟ್ಟಾಗ ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಹೊತ್ತಿಗೆ ಸರಿಯಾಗಿ ಕಳಿಸಿದೆ ಎಂದು ಸಮಾಧಾನವಾಯಿತು. ಶೆಟ್ಟೆವ್ವ ಕಾಗದ ಮುಟ್ಟಿಸಿ, ಹಿತ್ತಲ ಬಾವಿಗೆ ಚಾದರ ಒಗೆಯಲು ಹೋದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಕಾಗದದಲ್ಲಿ ಏನಿದೆ ಎಂದು ಅವಳು ಕೇಳಲೂ ಇಲ್ಲ.

ಹನ್ನೊಂದೂವರೆಗೆ ಮೆಟ್ಟಿಲ ಮೇಲೆ ಸಪ್ಪಳವಾಯಿತು. ಮುಂದೆ ಒಬ್ಬ ಹಮಾಲ ಟ್ರಂಕು ಹೊತ್ತು ಇಳಿಯುತ್ತಿದ್ದ. ಹಿಂದೆ ಮಾಸ್ತರರು, ಒಂದು ಕೈ ಗೋಡೆಗೆ, ಒಂದು ಕೈ ಹೆಂಡತಿಯ ಹೆಗಲಿಗೆ. ಒಂದು ಮೆಟ್ಟಿಲು ಇಳಿದು ನಿಲ್ಲುವರು, ಉಸಿರು ತೆಗೆದುಕೊಳ್ಳುವರು, ಮತ್ತೊಂದು ಇಳಿಯುವರು. ಮೋದಿನಸಾಬ ಎದ್ದು ನಿಂತ. ತುಳಸೀಬಾಯಿ ಬೀಗದಕೈ, ಒಂದೂವರೆ ರೂಪಾಯಿ ಮೇಜಿನ ಮೇಲೆ ಇಟ್ಟರು. ಅವನ ಮುಖ ನೋಡಲಿಲ್ಲ.

‘ಯಾಕ್ರಿ?’ ಎಂಬ ಮಾತು ಮೋದಿನಸಾಬನ ಗಂಟಲಿನ ತನಕ ಬಂದಿತ್ತು. ಸತ್ಯವಾಗಿ ಬಂದಿತ್ತು. ಆದರೆ ಸಾವ್ಕಾರರ ಮಾತು ಅದಕ್ಕಿಂತ ಮುಂದೆ ಬಂದು ನಿಂತಿತು. ಒಲ್ಲೆ ಎಂದವರ ಬೆನ್ನು ಹತ್ತಬಾರದು. ಹನ್ನೆರಡಾಣೆಗೆ ಮ್ಯಾನೇಜರ್ ಬೆನ್ನು ಹತ್ತಿದ ಎಂದುಕೊಂಡರೆ? ಊರಲ್ಲಿ ಅವರ ಪೈಕಿ ಯಾರದೋ ಮನೆ ಸಿಕ್ಕಿರಬೇಕು, ಬ್ರಾಹ್ಮಣರ ಓಣಿ ದೂರವೇನಲ್ಲ, ಅಲ್ಲಿ ಹೋಗಿ ಮಲಗುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ನಮಗೆ ಬೇಕಾದ ಸುಳ್ಳು ಎಷ್ಟು ಬೇಗ ಸಿಗುತ್ತದೆ ನೋಡಿ.

ಮಾಸ್ತರರು ಮೇಜಿನ ಮುಂದೆ ನಿಂತು ಕೈ ಮುಗಿದರು.

“ತಮ್ಮ ಪತ್ರ ಮುಟ್ಟಿತ್ರಿ,” ಎಂದರು. ಮತ್ತೆ ಉಸಿರು ತೆಗೆದುಕೊಂಡು, “ಅಕ್ಷರ ಭಾಳ ಛಲೋ ಅವ.”

ಮೋದಿನಸಾಬನ ಮುಖ ಅರಳಿತು. ಅದನ್ನು ಅವನು ಸಾಯುವ ತನಕ ಮರೆಯಲಿಲ್ಲ. ಆ ಹೊತ್ತಿನಲ್ಲಿ, ಆ ಮನುಷ್ಯನ ಮುಂದೆ, ತನ್ನ ಮುಖ ಅರಳಿತ್ತು.

“ತಮ್ಮಂಥವರ ಆಶೀರ್ವಾದ್ರಿ,” ಎಂದ. “ಹೋಗಿ ಬರ್ರಿ.”

ಅವರು ಹೊರಗೆ ಹೋದರು. ಆಗಲೇ ಮುದ್ದೇಬಿಹಾಳದ ಕಡೆಯ ಇಬ್ಬರು ವಕೀಲರು ಕೋಣೆ ಕೇಳುತ್ತ ಬಂದರು, ಮೋದಿನಸಾಬ ಅವರ ಹೆಸರು ಬರೆದುಕೊಳ್ಳಲು ಕೂತ. ಮುದುಕರು ಎಡಕ್ಕೆ ತಿರುಗಿದರೋ ಬಲಕ್ಕೆ ತಿರುಗಿದರೋ ನೋಡಲಿಲ್ಲ. ಹನ್ನೆರಡೂವರೆಗೆ ಬೀಗದಕೈಗಳನ್ನೆಲ್ಲ ಕಿಸೆಗೆ ಹಾಕಿಕೊಂಡು ಜುಮ್ಮಾ ನಮಾಜಿಗೆ ಹಿಂದಿನ ಬಾಗಿಲಿನಿಂದ ಹೋದ.

ಶೆಟ್ಟೆವ್ವ ಚಾದರ ಒಣಹಾಕಿ ಮನೆಗೆ ಹೊರಟಾಗ ಒಂದೂಕಾಲು. ಬಸ್ ಸ್ಟ್ಯಾಂಡು ದಾಟುವಾಗ ಕಂಡಳು. ಅಲ್ಲಿ ತಗಡಿನ ಚಪ್ಪರ ಒಂದು, ಬೇವಿನ ಗಿಡ ಒಂದು. ಚಪ್ಪರದ ಕೆಳಗೆ ಒಲೆಯ ಮುಂದೆ ಕೂತಷ್ಟು ಧಗೆ, ಜನವೂ ತುಂಬಿತ್ತು. ಗಿಡದ ನೆರಳು ನೆತ್ತಿಯ ಬಿಸಿಲಿಗೆ ಬುಡಕ್ಕೆ ಸೇರಿ ಒಂದು ಚಾಪೆಯಷ್ಟು ಉಳಿದಿತ್ತು. ಅದರಲ್ಲಿ ಟ್ರಂಕಿಗೆ ತಲೆ ಕೊಟ್ಟು ಮಾಸ್ತರರು ಬಿದ್ದಿದ್ದರು. ಕಾಲು ಬಿಸಿಲಿನಲ್ಲಿದ್ದವು. ತುಳಸೀಬಾಯಿ ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಶೆಟ್ಟೆವ್ವ ಲಾಜಿಗೆ ಓಡಿ ಬಂದಳು. ನಾಲ್ಕನೆಯ ಕೋಣೆಗೆ ಬೀಗ, ಬೀಗದಕೈ ಮೋದಿನಸಾಬನ ಕಿಸೆಯಲ್ಲಿ, ಮೋದಿನಸಾಬ ಮಸೀದಿಯಲ್ಲಿ. ಮಸೀದಿಯ ಹೊರಗೆ ಹೋಗಿ ನಿಂತಳು. ಒಳಗೆ ಕೂಗುವಂತಿರಲಿಲ್ಲ. ಜನ ಹೊರಗೆ ಬಂದಾಗ ಎರಡಾಗಲು ಸ್ವಲ್ಪವೇ ಇತ್ತು.

“ಸಾಬರ, ನಾಕನೇ ಖೋಲಿಯವ್ರು ಬೇವಿನ ಗಿಡದ ಬುಡಕ ಬಿದ್ದಾರ. ನೀವು ಇರ್ರಿ ಅಂತ ಬರೀಲಿಲ್ಲೇನು?”

“ಬರದೇನೆಲ್ಲ,” ಎಂದ ಮೋದಿನಸಾಬ. “ಬರದೇನಿ, ಶೆಟ್ಟೆವ್ವ.”

ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದ. ಓಡುತ್ತ ಕಿಸೆಯಲ್ಲಿ ಬೀಗದಕೈ ಹುಡುಕಿ ನಾಲ್ಕನೆಯದನ್ನು ಬೇರೆ ತೆಗೆದ. ಮಂಚ ಇದೆ, ಒಗೆದ ಚಾದರ ಇದೆ, ಇನ್ನೂ ಒಂದು ತಾಸು ಇದೆ, ಎತ್ತಿಕೊಂಡು ಹೋದರಾಯಿತು ಎಂದು ಲೆಕ್ಕ ಹಾಕುತ್ತಿದ್ದ. ಗಿಡದ ಹತ್ತಿರ ಬಂದಾಗ ತುಳಸೀಬಾಯಿ ಗಾಳಿ ಹಾಕುವುದನ್ನು ನಿಲ್ಲಿಸಿದ್ದರು. ಮಾಸ್ತರರ ಮುಖದ ಮೇಲೆ ಅವರದೇ ಶಲ್ಯ ಹೊದಿಸಿತ್ತು.

ಸುತ್ತ ನಾಲ್ಕಾರು ಜನ ನಿಂತಿದ್ದರು. ಭೀಮಶ್ಯಾ ಎಂಬ ಟಾಂಗಾದವನು, ಇಂಡಿ ಊರಿನ ಕಡೆಯ ತುಳಸೀಬಾಯಿಯವರ ಮೈದುನನಿಗೆ ತಂತಿ ಕೊಡಲು ಆಗಲೇ ಯಾರನ್ನೋ ಕಳಿಸಿದ್ದಾಗಿ ಹೇಳಿದ. ಮೋದಿನಸಾಬ ಬಿಸಿ ಮಣ್ಣಿನ ಮೇಲೆ ಕೂತ. ಕೋಣೆಯಲ್ಲಿದ್ದರೆ ಅವರು ಬದುಕುತ್ತಿದ್ದರೋ ಇಲ್ಲವೋ, ಅದನ್ನು ಯಾರೂ ಹೇಳಲಾರರು. ವಿಜಾಪುರ ಮುಟ್ಟುತ್ತಿದ್ದರೋ ಇಲ್ಲವೋ ತಿಳಿಯದು. ಆದರೆ ಮಂಚದ ಮೇಲೆ ಇರುತ್ತಿದ್ದರು. ಹದಿನಾಲ್ಕು ಮೆಟ್ಟಿಲು ಇಳಿಯುತ್ತಿರಲಿಲ್ಲ. ಡಾಕ್ಟರರು ಬೇಡವೆಂದ ಎರಡನ್ನೂ ಅವರು ಮಾಡಿದ್ದರು.

“ಯಾಕ ಬಿಟ್ರಿ ಬಾಯಾರ ಖೋಲಿ?” ಎಂದ. ಹನ್ನೊಂದೂವರೆಗೆ ಕೇಳಬೇಕಾದ ಮಾತು ಈಗ ಬಾಯಿಗೆ ಬಂತು.

ತುಳಸೀಬಾಯಿಗೆ ಸಿಟ್ಟು ಇರಲಿಲ್ಲ. ಸಿಟ್ಟು ಬರುವಷ್ಟು ಏನೂ ಅವರಲ್ಲಿ ಉಳಿದಿರಲಿಲ್ಲ.

“ನೀವ ಬಿಡ್ರಿ ಅಂತ ಬರದ ಕಳಿಸಿದ್ರಲ್ರೀ,” ಎಂದರು. “ಇವರು ಓದಿದ್ರು. ಖಾಲೀ ಮಾಡಬೇಕಂತ, ಮೀರಲಿಕ್ಕೆ ಅವರಿಗೆ ಅಧಿಕಾರ ಇಲ್ಲಂತ, ಏಳು ಅಂದ್ರು. ನಾ ಅಂದೆ, ಕೆಳಗ ಹೋಗಿ ಕೈ ಮುಗದು ಕೇಳ್ತೀನಿ ಅಂತ. ಬ್ಯಾಡ ಅಂದ್ರು. ಲಾಜಿನ್ಯಾಗ ಸತ್ರ ಅವರಿಗೂ ತ್ರಾಸು, ಅದಕ್ಕ ಇಷ್ಟ ಮರ್ಯಾದಿಲೆ ಬರದಾರ, ಇಷ್ಟಾದ ಮ್ಯಾಲೂ ತಿಳೀದಿದ್ರ ಹ್ಯಾಂಗ ಅಂದ್ರು.”

“ಹಂಗಲ್ರಿ. ಹಂಗ ಬರದಿಲ್ಲ ನಾ.”

ತುಳಸೀಬಾಯಿ ಸೊಂಟದ ಸಂಚಿ ಬಿಚ್ಚಿದರು. ಅದರಿಂದ ನಾಲ್ಕು ಮಡಿಕೆಯ ಆ ದಪ್ಪ ಕಾಗದ ಬಂತು. ಅದರ ಜೊತೆಗೇ ಐದು ರೂಪಾಯಿಯ ಎರಡು ನೋಟು ಹೊರಗಿಣುಕಿದವು. ಕಾಗದವನ್ನು ಅವನ ಕೈಗೆ ಕೊಟ್ಟರು.

“ನನಗ ಓದಲಿಕ್ಕೆ ಬರೂದಿಲ್ಲ. ಓದ್ರಿ.”

ಮೋದಿನಸಾಬ ಬಿಡಿಸಿದ. ಮಾನ್ಯ ಮಹಾಶಯರ ಸನ್ನಿಧಿಗೆ ಎಂದು ಶುರು ಮಾಡಿದ. ಮೊದಲನೆಯ ವಾಕ್ಯ ಓದಿದ. ಎರಡನೆಯದನ್ನು ಓದಿದ. ಧ್ವನಿ ತನಗೇ ಕೇಳುತ್ತಿತ್ತು, ಜಪ್ತಿಗೆ ಬಂದ ಕಾರಕೂನ ಬಾಗಿಲಲ್ಲಿ ನಿಂತು ಓದುವ ಧ್ವನಿ.

“ಇಲ್ಲೀತನಕಾ ಓದಿದ್ರು,” ಎಂದರು ತುಳಸೀಬಾಯಿ. “ಇಷ್ಟ ಓದಿ, ಮಡಚಿ, ನನ್ನ ಕೈಯಾಗ ಕೊಟ್ರು. ಮುಂದ ಇನ್ನೂ ಅದ ಏನು?”

“ಐತ್ರಿ.”

“ಓದ್ರಿ ಮತ್ತ.”

ಆದಾಗ್ಯೂ ಎಂದು ಓದಿದ. ಸಹಾನುಭೂತಿ ಎಂದು ಓದಿದ. ಆರು ಗಂಟೆಯ ತನಕ ಎಂದು ಓದಿದ. ಸಹಿಯ ತನಕ ಮುಗಿಸಿದ. ತುಳಸೀಬಾಯಿ ಆ ದೊಡ್ಡ ದೊಡ್ಡ ಶಬ್ದಗಳನ್ನು ಒಂದೊಂದಾಗಿ ತೂಗಿ ನೋಡಿದರು.

“ಅಂದ್ರ,” ಎಂದರು, “ಇರ್ರಿ ಅಂತ ಬರದಿದ್ರೇನು?”

“ಹೌದ್ರಿ ಬಾಯಾರ.”

“ಹನ್ನೆರಡಾಣೆ ಕೊಟ್ಟು ಇರ್ರಿ ಅಂತ.”

“ಹೌದ್ರಿ.”

ಅವರು ಸಂಚಿಯ ಬಾಯಿ ಎಳೆದು ಕಟ್ಟಿ ಸೊಂಟಕ್ಕೆ ಸಿಗಿಸಿದರು. ಗಂಡನ ಕಾಲ ಮೇಲಿನ ಬಿಸಿಲಿಗೆ ತಮ್ಮ ಸೆರಗು ಚಾಚಿ ಹಿಡಿದರು. ಮೋದಿನಸಾಬನ ಕಡೆಗೆ ನೋಡದೆಯೇ, ಮನೆಯ ಮಾತು ಆಡಿದಂತೆ ಮೆಲ್ಲಗೆ ಹೇಳಿದರು.

“ಅದನ್ನ ಮೊದಲ ಬರದಿದ್ರ ಆಗ್ತಿತ್ತು ನೋಡ್ರಿ ಸಾಹೇಬರ. ಭಾಳ ಓದೂವಷ್ಟು ತ್ರಾಣ ಇದ್ದಿಲ್ಲ ಅವರಿಗೆ.”